ಮೂರು ಮಾರ್ಕಿನ ಪ್ರವಾಸ

ಸೋಲಾಪುರ ಜಿಲ್ಲೆಯಲ್ಲಿ, ಅಕ್ಕಲಕೋಟೆ ಕಡೆಯ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ ಅಂದರೆ ಬೆಂಗಳೂರಿನವರು ಈಗಲೂ "ಹೌದಾ?" ಅಂತಾರೆ. ಇವೆ. ಮಕ್ಕಳು ಗಣಿತ, ವಿಜ್ಞಾನ ಎಲ್ಲವನ್ನೂ ಕನ್ನಡದಲ್ಲೇ ಓದುತ್ತಾರೆ, ಹತ್ತನೇ ಕ್ಲಾಸಿನ ಪರೀಕ್ಷೆ ಮಾತ್ರ ಮಹಾರಾಷ್ಟ್ರ ಬೋರ್ಡಿನದು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಇಂಗ್ಲಿಷ್ ಪುಸ್ತಕದಲ್ಲಿ ಮಾತ್ರ. ಅಂಥ ಮಕ್ಕಳಿಗೆ ನಾನು ಸಂಜೆ ಹೊತ್ತು ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಈ ಸಲ ಪೇಪರಿನ ಒಂದೇ ಒಂದು ಪ್ರಶ್ನೆಗೆ ಮಾದರಿ ಉತ್ತರ ಬರೆಸಲು ಎಷ್ಟು ಒದ್ದಾಡಬೇಕಾಯಿತು, ಕೊನೆಗೆ ಅದು ಹೇಗೆ ಸರಿಹೋಯಿತು ಅನ್ನೋದನ್ನು ಬರೆಯುತ್ತಿದ್ದೇನೆ. ಬೇರೆ ಬೋರ್ಡಿನ ಮಕ್ಕಳಿರುವವರಿಗೂ ಉಪಯೋಗಕ್ಕೆ ಬರಬಹುದು.

ಮೊದಲು ಪ್ರಶ್ನೆ ಏನು ಅಂತ ಹೇಳಿಬಿಡುತ್ತೇನೆ. ಲಿಖಿತ ಪರೀಕ್ಷೆ 80 ಅಂಕದ್ದು, ಮೂರು ಗಂಟೆ. ಬರವಣಿಗೆ ಭಾಗದಲ್ಲಿ ಸಂಭಾಷಣೆ ಅಥವಾ ಭಾಷಣ, ಎರಡರಲ್ಲಿ ಒಂದು, 5 ಅಂಕ. ಸಂಭಾಷಣೆ ಆರಿಸಿಕೊಂಡರೆ ಅದರೊಳಗೆ ಮೂರು ತುಂಡು ಇರುತ್ತವೆ. ಹಿಂದೆಮುಂದೆ ಮಾಡಿ ಕೊಟ್ಟ ಮಾತುಗಳನ್ನು ಸರಿಯಾಗಿ ಜೋಡಿಸೋದು, 1 ಅಂಕ. ಬಿಟ್ಟ ಮಾತುಗಳನ್ನು ತುಂಬೋದು, 1 ಅಂಕ. ಕೊಟ್ಟ ವಿಷಯದ ಮೇಲೆ ಸ್ವಂತವಾಗಿ ಬರೆಯೋದು, 3 ಅಂಕ. ನಮ್ಮ ಕಥೆ ಈ ಮೂರನೆಯದರದ್ದು. ಅದರಲ್ಲಿ ಕೇಳೋದು ಕನಿಷ್ಠ ಮೂರು "ಮೀನಿಂಗ್‌ಫುಲ್ ಎಕ್ಸ್‌ಚೇಂಜ್". ಅಂದರೆ ಒಬ್ಬರು ಒಂದು ಮಾತು ಆಡಬೇಕು, ಇನ್ನೊಬ್ಬರು ಅದಕ್ಕೆ ಉತ್ತರ ಕೊಡಬೇಕು, ಅದು ಒಂದು. ಅಂಥವು ಮೂರು, ಒಟ್ಟು ಆರು ಸಾಲು. ಜೊತೆಗೆ ಅವು ಅರ್ಥಪೂರ್ಣವಾಗಿರಬೇಕು. ಮಕ್ಕಳು ಓದುವಾಗ ಈ ಕೊನೆಯ ಷರತ್ತನ್ನು ಹಾರಿಸಿಬಿಡುತ್ತಾರೆ, ಮಾರ್ಕು ಹೋಗೋದೂ ಅಲ್ಲೇ.

ನಾನು ಕೊಟ್ಟ ವಿಷಯ ಇದು: ಇಬ್ಬರು ಗೆಳತಿಯರು ವಾರದ ಕೊನೆಗೆ ಒಂದು ಸಣ್ಣ ಪ್ರವಾಸಕ್ಕೆ ಯೋಜನೆ ಹಾಕುತ್ತಿದ್ದಾರೆ. ಹಳೆಯ ವಿಷಯ, ಎಲ್ಲ ಗೈಡುಗಳಲ್ಲೂ ಇರುತ್ತೆ. ಮಕ್ಕಳು ಬರೆದುಕೊಂಡು ಬಂದದ್ದೂ ಗೈಡಿನದ್ದೇ. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳಿದರೆ ಹೀಗೆ:

ಎ: ಹಾಯ್, ಹೇಗಿದ್ದೀಯಾ?
ಬಿ: ಚೆನ್ನಾಗಿದ್ದೀನಿ. ನೀನು ಹೇಗಿದ್ದೀಯಾ?
ಎ: ನಾನೂ ಚೆನ್ನಾಗಿದ್ದೀನಿ. ವಾರದ ಕೊನೆಗೆ ಪ್ರವಾಸ ಹೋಗೋಣ.
ಬಿ: ಒಳ್ಳೆಯ ಐಡಿಯಾ!
ಎ: ನಾವು ತುಂಬಾ ಮಜಾ ಮಾಡೋಣ.
ಬಿ: ಹೌದು, ತುಂಬಾ ಮಜಾ ಮಾಡೋಣ.
ಎ: ಸರಿ, ಬೈ.
ಬಿ: ಬೈ.

ಎಂಟು ಸಾಲು ಇದೆ, ತಪ್ಪು ಇಂಗ್ಲಿಷ್ ಇಲ್ಲ, ಅಕ್ಷರ ಮುತ್ತಿನ ಹಾಗಿದೆ. ಆದರೆ ಎಲ್ಲಿಗೆ ಹೋಗುತ್ತಾರೆ ಅಂತ ಕೊನೆವರೆಗೂ ಗೊತ್ತಾಗೋದಿಲ್ಲ. ಯಾವಾಗ, ಹೇಗೆ, ಯಾರ ಜೊತೆ, ಒಂದೂ ಇಲ್ಲ. ಆರಂಭದ ಕುಶಲ ಮತ್ತು ಕೊನೆಯ ಬೈ ತೆಗೆದುಬಿಟ್ಟರೆ ಉಳಿಯೋದು ಒಂದೂವರೆ ಮಾತು. "ತುಂಬಾ ಮಜಾ ಮಾಡೋಣ" ಅನ್ನೋದಕ್ಕೆ "ಹೌದು, ತುಂಬಾ ಮಜಾ ಮಾಡೋಣ" ಅಂದರೆ ಅದು ಉತ್ತರವಾ, ಪ್ರತಿಧ್ವನಿಯಾ? ಪೇಪರ್ ತಿದ್ದುವ ಪರಿಚಯದ ಮೇಷ್ಟ್ರೊಬ್ಬರು ಹೇಳುತ್ತಾರೆ, ಇಂಥದ್ದನ್ನು ಓದುವಾಗ ಕಣ್ಣು ತಾನಾಗಿಯೇ ಕೆಳಗೆ ಜಾರಿ ನೇರ ಮಾರ್ಕಿನ ಜಾಗಕ್ಕೆ ಹೋಗಿಬಿಡುತ್ತೆ ಅಂತ. ಸೊನ್ನೆ ಕೊಡೋಕೆ ಆಗಲ್ಲ, ಪೂರ್ತಿ ಕೊಡೋಕೆ ಮನಸ್ಸು ಬರಲ್ಲ.

ಮಕ್ಕಳಿಗೆ ಇದನ್ನು ತಿಳಿಸಿ ಹೇಳೋದು ಸುಲಭ ಇರಲಿಲ್ಲ. "ಸರ್, ತಪ್ಪೇನೈತಿ ಇದರಾಗ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ, ವ್ಯಾಕರಣದ ತಪ್ಪಿದ್ದರೆ ಕೆಂಪು ಗೆರೆ ಹಾಕಿ ತೋರಿಸಬಹುದಿತ್ತು. ಆಗ ಒಂದು ಉಪಾಯ ಮಾಡಿದೆ. ಆ ಎಂಟು ಸಾಲನ್ನು ಎಂಟು ಚೀಟಿಯಲ್ಲಿ ಬರೆದು, ಕಲಸಿ, ಅದನ್ನು ಓದಿರದ ಬೇರೆ ಮಕ್ಕಳ ಕೈಗೆ ಕೊಟ್ಟು ಜೋಡಿಸಿ ಅಂದೆ. ಮಧ್ಯದ ಸಾಲುಗಳನ್ನು ಒಬ್ಬೊಬ್ಬರು ಒಂದೊಂದು ಥರ ಜೋಡಿಸಿದರು, ಎಲ್ಲವೂ ಸರಿಯಾಗೇ ಕಾಣುತ್ತಿತ್ತು! "ಮಜಾ ಮಾಡೋಣ" ಆದ ಮೇಲೆ "ಒಳ್ಳೆಯ ಐಡಿಯಾ" ಬಂದರೂ ನಡೆಯುತ್ತೆ, ಮುಂಚೆ ಬಂದರೂ ನಡೆಯುತ್ತೆ. ಅಂದರೆ ಯಾವ ಸಾಲೂ ಹಿಂದಿನ ಸಾಲನ್ನು ಹಿಡಿದುಕೊಂಡಿಲ್ಲ. ಬೋರ್ಡಿನವರು 1 ಅಂಕಕ್ಕೆ ಕೇಳುವ ಜೋಡಣೆಯ ಪ್ರಶ್ನೆಯಲ್ಲಿ ಒಂದೇ ಒಂದು ಸರಿಯಾದ ಕ್ರಮ ಇರುತ್ತೆ, ಯಾಕೆಂದರೆ ಅಲ್ಲಿ ಪ್ರತಿ ಮಾತೂ ಹಿಂದಿನ ಮಾತಿನಿಂದ ಹುಟ್ಟಿರುತ್ತೆ. ನಾವು 3 ಅಂಕಕ್ಕೆ ಬರೆಯುವ ಸಂಭಾಷಣೆಯೂ ಹಾಗೇ ಇರಬೇಕು: ಕಲಸಿದರೂ ಮತ್ತೆ ಅದೇ ಕ್ರಮದಲ್ಲೇ ಕೂಡಿಕೊಳ್ಳಬೇಕು. ಇದು ಮಕ್ಕಳಿಗೆ ಥಟ್ಟನೆ ಹೊಳೆಯಿತು.

ಸರಿ, ಹಾಗಾದರೆ ಬರೆಯೋದು ಹೇಗೆ? ಇಂಗ್ಲಿಷಿನಲ್ಲಿ ಬರೆಯಿರಿ ಅಂದರೆ ಎಲ್ಲರೂ ಪೆನ್ನಿನ ಕ್ಯಾಪು ಕಚ್ಚುತ್ತಾ ಕೂತುಬಿಡುತ್ತಾರೆ. ಅದಕ್ಕೆ ಪೆನ್ನು ಕೆಳಗೆ ಇಡಿಸಿದೆ. ಇಬ್ಬರು ಹುಡುಗಿಯರನ್ನು ಮುಂದೆ ಕರೆದು, ಕನ್ನಡದಲ್ಲೇ ಮಾತಾಡಿ, ನಿಜವಾಗಿ ಈ ಭಾನುವಾರ ಎಲ್ಲಾದರೂ ಹೋಗೋದಾದರೆ ಏನು ಮಾತಾಡ್ತೀರೋ ಅದನ್ನೇ ಆಡಿ ಅಂದೆ. ನಾನು ಬೋರ್ಡಿನ ಮೇಲೆ ಬರೆದುಕೊಳ್ಳುತ್ತಾ ಹೋಗುತ್ತೇನೆ ಅಂತ ಚಾಕ್ ಹಿಡಿದು ನಿಂತೆ.

ಮೊದಲು ಅವರೂ ಪುಸ್ತಕದ ಕನ್ನಡದಲ್ಲೇ ಶುರುಮಾಡಿದರು. "ನಾವು ವಿಹಾರಕ್ಕೆ ಹೋಗೋಣವೇ ಗೆಳತಿ?" ಅಂತ ಒಬ್ಬಳು ಅಂದದ್ದೇ ಇಡೀ ಕ್ಲಾಸು ನಕ್ಕಿತು. ಅವಳಿಗೂ ನಗು ಬಂತು. ಆಮೇಲೆ ಸರಿಯಾಯಿತು.

"ಲೇ, ಐತ್ವಾರ ಬಿಜಾಪುರಕ್ಕ ಹೋಗೂಣೇನ? ಗೋಳಗುಮ್ಮಟ ನೋಡ್ಕೊಂಡ ಬರೂಣ."

"ರೊಕ್ಕ ಯಾರ ಕೊಡ್ತಾರ, ನಿಮ್ಮಪ್ಪ?"

ಈ ಎರಡನೇ ಮಾತು ಬಂದದ್ದೇ ಕ್ಲಾಸು ಎದ್ದು ಕೂತಿತು. ಗೈಡಿನಲ್ಲಿ ಯಾರೂ ರೊಕ್ಕದ ಮಾತು ಆಡೋದೇ ಇಲ್ಲ. ಅಲ್ಲಿಯ ಗೆಳೆಯರಿಗೆ ಅಪ್ಪ ಅಮ್ಮ ಇರೋದಿಲ್ಲ, ಬಸ್ಸು ತಪ್ಪೋದಿಲ್ಲ, ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಎರಡನೆಯವಳು ಹೂಂ ಅನ್ನದೇ ಇದ್ದದ್ದರಿಂದ ಮೊದಲನೆಯವಳಿಗೆ ಮಾತಾಡಲು ಕೆಲಸ ಸಿಕ್ಕಿತು. ಮುಂದಿನ ಮಾತು ಏನಿರಬೇಕು ಅಂತ ನಾನು ಹೇಳಿಕೊಡಬೇಕಾಗಲೇ ಇಲ್ಲ.

"ಕರ್ನಾಟಕದ ಬಸ್ಸಿನ್ಯಾಗ ಹೆಣ್ಮಕ್ಕಳಿಗೆ ಫ್ರೀ ಐತಿ, ಗೊತ್ತಿಲ್ಲೇನ?"

"ಅದು ಅಲ್ಲಿಯವರಿಗೆ ಅಷ್ಟ. ನಿನ್ನ ಆಧಾರ್ ಕಾರ್ಡಿನ್ಯಾಗ ಮಹಾರಾಷ್ಟ್ರ ಐತಿ, ಕಂಡಕ್ಟರ್ ಇಳಿಸಿ ಬಿಡ್ತಾನ."

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಬಾಯಿ ಹಾಕಿದ: "ನಮ್ಮ ಎಸ್‌ಟಿಯೊಳಗ ನಿಮಗ ಅರ್ಧಾ ಟಿಕೇಟ್ ಐತಲ್ಲ, ಇನ್ನೇನ ಬೇಕು? ನಾವ ಪೂರ್ತಿ ಕೊಡಬೇಕು." ಆ ಹುಡುಗರ ಗೋಳು ನಿಜ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಶುರುವಾಯಿತು, ಅದಕ್ಕೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು. ಮಹಾರಾಷ್ಟ್ರದ ಎಸ್‌ಟಿ, ಅಂದರೆ ಅಲ್ಲಿಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್ ಆದದ್ದು ಅದೇ ವರ್ಷದ ಮಾರ್ಚ್‌ನಲ್ಲಿ. ಗಡಿಯ ಮೇಲೆ ಇರುವ ಹುಡುಗಿಯರಿಗೆ ಈ ಲೆಕ್ಕ ಬಾಯಿಪಾಠ. ಗಡಿ ದಾಟದೆ ಹೋಗಿಬರುವ ಊರಾದರೆ ಅರ್ಧ ಟಿಕೆಟ್ ಗ್ಯಾರಂಟಿ ಅಂತ ಲೆಕ್ಕ ಹಾಕಿ, ಮೊದಲನೆಯವಳು ಬಿಜಾಪುರ ಬಿಟ್ಟು ನಳದುರ್ಗ ಅಂದಳು.

ನಳದುರ್ಗ ಗೊತ್ತಿಲ್ಲದವರಿಗೆ ಒಂದು ಮಾತು. ಸೋಲಾಪುರದಿಂದ ಹೈದರಾಬಾದ್ ದಾರಿಯಲ್ಲಿ ಸುಮಾರು 45 ಕಿಲೋಮೀಟರ್, ಪಕ್ಕದ ಧಾರಾಶಿವ ಜಿಲ್ಲೆಯಲ್ಲಿದೆ. ದೊಡ್ಡ ಕೋಟೆ. ಕೋಟೆಯ ಪಕ್ಕ ಬೋರಿ ನದಿಗೆ ಅಡ್ಡ ಕಟ್ಟಿದ ಕಲ್ಲಿನ ಒಡ್ಡು ಇದೆ, ಒಡ್ಡಿನ ಹೊಟ್ಟೆಯೊಳಗೆ ಪಾಣಿ ಮಹಲ್ ಅಂತ ಕೋಣೆಗಳಿವೆ, ಆದಿಲ್‌ಶಾಹಿ ಕಾಲದ್ದು. ಮಳೆಗಾಲದಲ್ಲಿ ಒಡ್ಡು ತುಂಬಿದರೆ ಎರಡು ಕಡೆ ನೀರು ಧುಮುಕುತ್ತೆ, ಅದಕ್ಕೆ ನರ-ಮಾದಿ ಅಂತಾರೆ. ಮೇಲೆ ನೀರು ಬೀಳುತ್ತಿರುವಾಗ ಒಳಗೆ ಕೋಣೆಯಲ್ಲಿ ನಿಂತು ಕಿಟಕಿಯಿಂದ ನೋಡಬಹುದು. ಬಿಜಾಪುರದ ಸುಲ್ತಾನರು ಕಟ್ಟಿಸಿದ್ದನ್ನು ನೋಡೋಕೆ ಬಿಜಾಪುರಕ್ಕೇ ಹೋಗಬೇಕಾಗಿಲ್ಲ ಅಂತ ಇದರರ್ಥ, ಆದರೆ ಇದನ್ನು ಉತ್ತರದಲ್ಲಿ ತುರುಕೋಕೆ ಹೋಗಬಾರದು.

ಮಾತು ಇನ್ನೂ ಎಲ್ಲೆಲ್ಲಿಗೋ ಹೋಯಿತು. ಯಾರ ಮೊಬೈಲ್ ಒಯ್ಯೋದು, ಯಾರ ಅಕ್ಕ ಜೊತೆಗೆ ಬರ್ತಾಳೆ, ಅವ್ವನಿಗೆ ಯಾರು ಹೇಳೋದು, ರೊಟ್ಟಿ ಯಾರು ಕಟ್ಟಿಕೊಂಡು ಬರೋದು, ಕಳೆದ ಸಲ ಒಬ್ಬಳು ವಾಂತಿ ಮಾಡಿಕೊಂಡದ್ದು. ಬೋರ್ಡು ತುಂಬಿಹೋಯಿತು. ಬರೆಯೋಕೆ ಮಾತೇ ಸಿಗಲ್ಲ ಅನ್ನುತ್ತಿದ್ದ ಮಕ್ಕಳ ಮುಂದೆ ಈಗ ಮಾತು ಜಾಸ್ತಿಯಾಗಿತ್ತು.

ಇಲ್ಲಿಂದ ಕತ್ತರಿ ಕೆಲಸ. ಸಮಯದ ಲೆಕ್ಕ ಹೀಗಿದೆ: 180 ನಿಮಿಷಕ್ಕೆ 80 ಅಂಕ, ಅಂದರೆ ಒಂದು ಅಂಕಕ್ಕೆ ಎರಡು ಕಾಲು ನಿಮಿಷ. 3 ಅಂಕಕ್ಕೆ ಏಳು ನಿಮಿಷವೂ ಪೂರ್ತಿ ಸಿಗೋದಿಲ್ಲ. ಕೆಳಗೆ ಕಥೆ ಬೇರೆ ಬರೆಯೋದಿದೆ, ಅನುವಾದ ಇದೆ. ಆರು ಸಾಲು ಕೇಳಿದ್ದಾರೆ, ಎಂಟು ಬರೆದರೆ ಸಾಕು ಅಂತ ತೀರ್ಮಾನ ಮಾಡಿದೆವು. ಒಂದು ವೇಳೆ ಯಾವುದೋ ಒಂದು ಜೋಡಿ ಅರ್ಥಪೂರ್ಣ ಅಲ್ಲ ಅಂತ ತಿದ್ದುವವರಿಗೆ ಅನ್ನಿಸಿದರೂ ಉಳಿದ ಮೂರು ನಮ್ಮನ್ನು ಕಾಪಾಡುತ್ತವೆ. ಹನ್ನೆರಡು, ಹದಿನಾಲ್ಕು ಸಾಲು ಬರೆಯೋದರಿಂದ ಲಾಭ ಇಲ್ಲ, ತಪ್ಪು ಮಾಡೋಕೆ ಜಾಗ ಜಾಸ್ತಿ ಆಗುತ್ತೆ ಅಷ್ಟೇ.

ಏನು ಇಟ್ಟುಕೊಳ್ಳೋದು, ಏನು ಬಿಡೋದು? ಅತ್ಯಂತ ಸ್ವಾರಸ್ಯದ ಮಾತು ಆಧಾರ್ ಕಾರ್ಡಿನದ್ದು. ಅದನ್ನೇ ಬಿಟ್ಟೆವು. ಮಕ್ಕಳಿಗೆ ಬೇಜಾರಾಯಿತು, ನನಗೂ. ಆದರೆ ದೂರದಲ್ಲೆಲ್ಲೋ ಕೂತು ಪೇಪರ್ ತಿದ್ದುವವರಿಗೆ ಅದು ತಿಳಿಯಬೇಕಾದರೆ ಶಕ್ತಿ ಯೋಜನೆ ವಿವರಿಸಬೇಕು, ಗಡಿ ವಿವರಿಸಬೇಕು, ಅಷ್ಟಕ್ಕೇ ನಾಲ್ಕು ಸಾಲು ಹೋಗುತ್ತೆ. ಓದುವವರು ತಡೆಯದೆ ಅರ್ಥಮಾಡಿಕೊಳ್ಳುವ ಅಡ್ಡಿಗಳನ್ನು ಮಾತ್ರ ಇಟ್ಟುಕೊಂಡೆವು: ಊರು ದೂರ, ಇಬ್ಬರೇ ಹುಡುಗಿಯರನ್ನು ಮನೆಯಲ್ಲಿ ಬಿಡೋದಿಲ್ಲ, ಖರ್ಚು. ಪ್ರತಿ ಅಡ್ಡಿಗೂ ಮುಂದಿನ ಸಾಲಿನಲ್ಲೇ ಒಂದು ದಾರಿ. ಕೊನೆಗೆ ದಿನ, ಹೊತ್ತು, ಸಿಗುವ ಜಾಗ ಪಕ್ಕಾ ಆಗಬೇಕು. ಯೋಜನೆ ಹಾಕುತ್ತಿದ್ದಾರೆ ಅಂತ ಪ್ರಶ್ನೆಯಲ್ಲೇ ಇದೆ, ಆದ್ದರಿಂದ ಮಾತು ಮುಗಿಯುವಾಗ ಕೈಯಲ್ಲಿ ಒಂದು ಯೋಜನೆ ಇರಬೇಕಲ್ವಾ?

ಒಬ್ಬ ಹುಡುಗಿಯ ತಕರಾರು ಬಂತು. "ಸರ್, ಪರೀಕ್ಷಾ ಮಾರ್ಚ್‌ನ್ಯಾಗ ಇರ್ತದ, ಆವಾಗ ನಳದುರ್ಗದಾಗ ನೀರ ಎಲ್ಲಿ ಬೀಳತದ?" ಒಳ್ಳೆಯ ತಕರಾರು. ಸಂಭಾಷಣೆ ಯಾವ ತಿಂಗಳಲ್ಲಿ ನಡೆಯುತ್ತೆ ಅಂತ ಪ್ರಶ್ನೆಯಲ್ಲಿ ಇಲ್ಲವಾದ್ದರಿಂದ ಅದನ್ನು ನಾವೇ ಇಟ್ಟುಕೊಳ್ಳಬಹುದು ಅಂದೆ. "ಈ ಸಲ ಮಳೆ ಚೆನ್ನಾಗಿ ಆಗಿದೆ" ಅಂತ ಅರ್ಧ ವಾಕ್ಯ ಸೇರಿಸಿದೆವು. ಅದರಿಂದ ಇನ್ನೊಂದು ಉಪಕಾರವೂ ಆಯಿತು, ನಳದುರ್ಗಕ್ಕೇ ಯಾಕೆ, ಈಗಲೇ ಯಾಕೆ ಅನ್ನೋದಕ್ಕೆ ಕಾರಣ ಸಿಕ್ಕಿತು.

ಎಲ್ಲ ಕತ್ತರಿಸಿ ಉಳಿದದ್ದು ಇದು. ಉತ್ತರ ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಹೋಗುತ್ತೆ, ಇಲ್ಲಿ ಅದರ ಕನ್ನಡ:

ಸವಿತಾ: ಮೀನಾ, ಈ ಭಾನುವಾರ ಬಿಜಾಪುರಕ್ಕೆ ಹೋಗಿ ಗೋಳಗುಮ್ಮಟ ನೋಡಿಕೊಂಡು ಬರೋಣವಾ?
ಮೀನಾ: ನನಗೂ ಆಸೆ ಇದೆ, ಆದರೆ ಅದು ದೂರ. ಕತ್ತಲಾಗುವ ಮುಂಚೆ ಮನೆಯಲ್ಲಿರಬೇಕು ಅಂತಾಳೆ ಅಮ್ಮ.
ಸವಿತಾ: ಹಾಗಾದರೆ ನಳದುರ್ಗ ಕೋಟೆಗೆ ಹೋಗೋಣ, ಅದು ಹತ್ತಿರ. ಈ ಸಲ ಮಳೆ ಚೆನ್ನಾಗಿ ಆಗಿದೆ, ಜಲಪಾತ ತುಂಬಿರುತ್ತೆ.
ಮೀನಾ: ಅದು ಆಗಬಹುದು. ಆದರೆ ನಾವಿಬ್ಬರೇ ಅಂದರೆ ಮನೆಯಲ್ಲಿ ಬಿಡ್ತಾರಾ?
ಸವಿತಾ: ಇಬ್ಬರೇ ಅಲ್ಲ, ನಮ್ಮ ಅಕ್ಕನೂ ಬರ್ತಾಳೆ. ಬೇಕಾದರೆ ನಾನೇ ನಿಮ್ಮ ಅಮ್ಮನ ಹತ್ತಿರ ಮಾತಾಡ್ತೀನಿ.
ಮೀನಾ: ಮಾತಾಡು, ನೀನು ಹೇಳಿದರೆ ಕೇಳ್ತಾಳೆ. ಖರ್ಚು ಎಷ್ಟಾಗಬಹುದು?
ಸವಿತಾ: ಎಸ್‌ಟಿ ಬಸ್ಸಿನಲ್ಲಿ ನಮಗೆ ಅರ್ಧ ಟಿಕೆಟ್. ಊಟ ಮನೆಯಿಂದಲೇ ಒಯ್ದರೆ ಬೇರೆ ಖರ್ಚೇ ಇಲ್ಲ.
ಮೀನಾ: ಸರಿ, ರೊಟ್ಟಿ, ಶೇಂಗಾ ಚಟ್ನಿ ನನ್ನದು. ಭಾನುವಾರ ಬೆಳಿಗ್ಗೆ ಏಳೂವರೆಗೆ ಬಸ್ ಸ್ಟ್ಯಾಂಡಿಗೆ ಬಂದುಬಿಡು.

"ಹಾಯ್" ಇಲ್ಲ, "ಹೇಗಿದ್ದೀಯಾ" ಇಲ್ಲ, "ಬೈ" ಇಲ್ಲ. ಮೊದಲ ಸಾಲಲ್ಲೇ ಹೆಸರು ಹಿಡಿದು ಕರೆದಿದ್ದಾಳೆ, ಗೆಳತಿಯರು ಅನ್ನೋಕೆ ಅಷ್ಟು ಸಾಕು. ಮೀನಾ ಪ್ರತಿ ಸಲ ಬಾಯಿ ತೆರೆದಾಗಲೂ ಏನೋ ಒಂದು ಎತ್ತುತ್ತಾಳೆ ನೋಡಿ, ಕೊನೆಯ ಸಾಲಿನಲ್ಲಿ ಮಾತ್ರ ಎತ್ತೋದಿಲ್ಲ. ಅಲ್ಲಿ ಅವಳೇ ಹೊತ್ತು ನಿಗದಿ ಮಾಡುತ್ತಾಳೆ. ಬೇಡ ಬೇಡ ಅನ್ನುತ್ತಿದ್ದವಳ ಬಾಯಿಂದಲೇ ಅದು ಬಂದದ್ದರಿಂದ ಮಾತು ಮುಗಿಯಿತು ಅಂತ ಗೊತ್ತಾಗುತ್ತೆ, ಬೈ ಬೇಕಾಗೋದಿಲ್ಲ. ಇದನ್ನು ಮಾಡಿಸಿದ್ದು ನಾನಲ್ಲ, ಮುಂದೆ ನಿಂತು ಮಾತಾಡಿದ ಹುಡುಗಿಯೇ ಹಾಗೆ ಅಂದದ್ದು.

ಹೆಸರುಗಳನ್ನು ನಾವೇ ಆರಿಸಿಕೊಂಡದ್ದು. ಪ್ರಶ್ನೆಯಲ್ಲಿ ಹೆಸರು ಕೊಟ್ಟಿದ್ದರೆ ಅವನ್ನೇ ಬರೆಯಬೇಕು. ಕೊಡದಿದ್ದರೆ ಚಿಕ್ಕ ಹೆಸರು, ಬೇರೆ ಬೇರೆ ಅಕ್ಷರದಿಂದ ಶುರುವಾಗೋದು, ಎಂಟು ಸಲ ಬರೆದರೂ ಸ್ಪೆಲಿಂಗ್ ಕೆಡದಂಥದ್ದು. "ಭಾಗ್ಯಲಕ್ಷ್ಮೀ" ಮತ್ತು "ಭುವನೇಶ್ವರಿ" ಅಂತ ಒಬ್ಬಳು ಇಟ್ಟಿದ್ದಳು, ಮೂರನೇ ಸಾಲಿಗೆ ಬರೋ ಹೊತ್ತಿಗೆ ಭುವನೇಶ್ವರಿಯ ಸ್ಪೆಲಿಂಗ್ ಎರಡು ಥರ ಆಗಿತ್ತು. ಹೆಸರು, ಅದರ ಮುಂದೆ ಎರಡು ಚುಕ್ಕೆ, ಆಮೇಲೆ ಮಾತು. ಉದ್ಧರಣ ಚಿಹ್ನೆ ಬೇಡ, "ಎಂದಳು" ಬೇಡ.

ಇನ್ನು ಇಂಗ್ಲಿಷಿಗೆ ಇಳಿಸೋದು. ಇಲ್ಲಿ ನಮ್ಮ ಮಕ್ಕಳ ತಪ್ಪುಗಳೆಲ್ಲ ಒಂದೇ ದಾರಿಯಲ್ಲಿ ಬರುತ್ತವೆ, ಕನ್ನಡದ ವಾಕ್ಯವನ್ನು ಹಾಗೇ ಹೊತ್ತು ತರುತ್ತಾರೆ. "ಮನೆಯಲ್ಲಿ ಬಿಡ್ತಾರಾ?" ಅನ್ನೋದರಲ್ಲಿ ನಮಗೆ ಕೊನೆಗೊಂದು "ಆ" ಹಚ್ಚಿದರೆ ಪ್ರಶ್ನೆ ಆಗಿಹೋಯಿತು. ಅದಕ್ಕೆ ಅವರು "ಯುವರ್ ಮದರ್ ವಿಲ್ ಅಲೌ ಯು?" ಅಂತ ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿಬಿಡುತ್ತಾರೆ. "ವಿಲ್" ಎದ್ದು ಮುಂದೆ ಬರಬೇಕು: "ವಿಲ್ ಯುವರ್ ಮದರ್ ಅಲೌ ಯು?" ಪ್ರವಾಸದ ವಿಷಯ ಪೂರ್ತಿ ನಾಳೆಯ ಮಾತು, ಪ್ರಶ್ನೆಗಳೂ ತುಂಬಾ. ಹಾಗಾಗಿ ಈ ತಪ್ಪು ಒಂದು ಸಲ ಹೊಕ್ಕರೆ ಮೂರು ಸಾಲಿನಲ್ಲಿ ಕಾಣಿಸಿಕೊಳ್ಳುತ್ತೆ. "ಅಮ್ಮನಿಗೆ ಕೇಳ್ತೀನಿ" ಅಂದುಕೊಂಡು "ಆಸ್ಕ್ ಟು ಮೈ ಮದರ್" ಅಂತ ಬರೆಯೋದು ಎರಡನೆಯದು. ನಮ್ಮ "ಗೆ" ಅಲ್ಲಿ "ಟು" ಆಗಿ ಕೂರುತ್ತೆ, ಅದನ್ನು ಹೊಡೆದು ಹಾಕಬೇಕು.

ಸಲಹೆ ಕೊಡುವ ಮಾತಿಗೆ ಎರಡೇ ಎರಡು ಅಚ್ಚು ಕಲಿಸಿದೆ. "ಲೆಟ್ಸ್" ಆದ ಮೇಲೆ ನೇರ ಕ್ರಿಯಾಪದ: "ಲೆಟ್ಸ್ ಗೋ." ಮಧ್ಯೆ "ಟು" ಬರಬಾರದು. "ಹೌ ಅಬೌಟ್" ಆದ ಮೇಲೆ "ಇಂಗ್" ಸೇರಿಸಿದ ರೂಪ: "ಹೌ ಅಬೌಟ್ ಗೋಯಿಂಗ್ ಟು ನಳದುರ್ಗ?" ಇವುಗಳ ಜೊತೆ "ವೈ ಡೋಂಟ್ ವಿ", "ಶಲ್ ವಿ", "ವುಡ್ ಯು ಲೈಕ್ ಟು" ಎಲ್ಲ ಹೇಳಿಕೊಡುವವರಿದ್ದಾರೆ. ನನಗೆ ಅದು ಸರಿ ಕಾಣಲ್ಲ. ಐದು ಅಚ್ಚು ಅರ್ಧರ್ಧ ಗೊತ್ತಿರೋದಕ್ಕಿಂತ ಎರಡು ಪಕ್ಕಾ ಗೊತ್ತಿದ್ದರೆ ಎಂಟು ಸಾಲಿಗೆ ಧಾರಾಳ ಆಯಿತು. ಅಡ್ಡಿ ಹೇಳುವ ಸಾಲಿಗೆ "ಬಟ್" ಒಂದೇ ಸಾಕು.

ಸಂಕ್ಷಿಪ್ತ ರೂಪಗಳ ಬಗ್ಗೆಯೂ ಮಕ್ಕಳಿಗೆ ಭಯ ಇತ್ತು. "ಐ ಆಮ್" ಬದಲು "ಐಮ್", "ಡು ನಾಟ್" ಬದಲು "ಡೋಂಟ್" ಬರೆದರೆ ಮಾರ್ಕು ಕಟ್ ಆಗುತ್ತಾ ಅಂತ. ಅರ್ಜಿಯಲ್ಲಿ ಅವು ಬೇಡ, ಗೆಳತಿಯರ ಮಾತಿನಲ್ಲಿ ಅವೇ ಸರಿ. ಅಪಾಸ್ಟ್ರಫಿ ಅನ್ನುವ ಮೇಲಿನ ಕೊಂಡಿ ಮರೆಯಬಾರದು ಅಷ್ಟೇ. ಆದರೆ ಮೊಬೈಲ್‌ನಲ್ಲಿ ಟೈಪ್ ಮಾಡುವ ಹಾಗೆ "ಯು" ಅನ್ನೋದಕ್ಕೆ ಒಂದೇ ಅಕ್ಷರ ಬರೆದರೆ ಅದು ತಪ್ಪೇ.

ಇಂಗ್ಲಿಷಿಗೆ ಇಳಿಸುವಾಗ ಕೆಲವು ಮಾತು ಒಣಗಿಹೋದವು. "ನಿಮ್ಮಪ್ಪ ಕೊಡ್ತಾನಾ?" ಅನ್ನುವ ಆ ಕುಟುಕು "ಹೌ ಮಚ್ ವಿಲ್ ಇಟ್ ಕಾಸ್ಟ್?" ಅಂತ ಸಪ್ಪೆಯಾಯಿತು. ಹತ್ತನೇ ಕ್ಲಾಸಿನ ಮೂರನೇ ಭಾಷೆಯ ಇಂಗ್ಲಿಷಿನಲ್ಲಿ ಅದಕ್ಕಿಂತ ಜಾಸ್ತಿ ಕೇಳೋಕೆ ಹೋಗಬಾರದು.

ಮಾದರಿ ಉತ್ತರ ತಯಾರಾದ ಮೇಲೆ ನನಗಿದ್ದ ಹೆದರಿಕೆ ಬೇರೆ. ಇಡೀ ಕ್ಲಾಸು ಸವಿತಾ-ಮೀನಾರನ್ನೇ ಬಾಯಿಪಾಠ ಮಾಡಿಬಿಟ್ಟರೆ? ಪರೀಕ್ಷೆಯಲ್ಲಿ ಗ್ರಂಥಾಲಯದ ವಿಷಯ ಬಂದರೂ ಅಲ್ಲೂ ನಳದುರ್ಗಕ್ಕೆ ಬಸ್ಸು ಹತ್ತಿಸುವ ಪೈಕಿಯ ಮಕ್ಕಳು ಇದ್ದಾರೆ. ಅದಕ್ಕೆ ಬೋರ್ಡು ಒರೆಸಿ, ಅದೇ ಪ್ರಶ್ನೆಗೆ ಪ್ರತಿಯೊಬ್ಬರೂ ತಮ್ಮದೇ ಊರು, ತಮ್ಮದೇ ಅಡ್ಡಿ ಇಟ್ಟು ಬರೆಯಿರಿ ಅಂದೆ. ಒಬ್ಬ ಹುಡುಗ ಪಂಢರಪುರ ಬರೆದ, ಅವನ ಗೆಳೆಯನಿಗೆ ಭಾನುವಾರ ಕ್ರಿಕೆಟ್ ಮ್ಯಾಚ್ ಇತ್ತು, ಅದಕ್ಕೆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅಂತ ಆಯಿತು. ಇನ್ನೊಬ್ಬಳದು ತುಳಜಾಪುರ, ಅವಳ ಗೆಳತಿ ಅಜ್ಜಿಯನ್ನು ಬಿಟ್ಟು ಬರಲ್ಲ ಅಂದಳು, ಕೊನೆಗೆ ಅಜ್ಜಿಯನ್ನೂ ಕರೆದುಕೊಂಡು ಹೋಗೋದು ಅಂತ ಆಯಿತು. ಇಂಗ್ಲಿಷ್ ಎಲ್ಲರದ್ದೂ ಸರಿ ಇರಲಿಲ್ಲ, ಆದರೆ ಯಾರೂ "ತುಂಬಾ ಮಜಾ ಮಾಡೋಣ" ಅಂತ ಬರೆದಿರಲಿಲ್ಲ.

ಆಮೇಲೆ ಚೀಟಿ ಆಟ ಮತ್ತೆ ಆಡಿಸಿದೆ. ತಮ್ಮ ತಮ್ಮ ಎಂಟು ಸಾಲನ್ನು ಹೆಸರಿಲ್ಲದೆ ಚೀಟಿಯಲ್ಲಿ ಬರೆದು ಪಕ್ಕದವರಿಗೆ ಕೊಡಬೇಕು, ಅವರು ಜೋಡಿಸಬೇಕು. ಜೋಡಿಸುವವರು ಯಾವುದನ್ನು ಹಿಡಿದು ಹೋಗುತ್ತಾರೆ ಅಂತ ಗಮನಿಸಿದೆ. ಮೊದಲು ಹುಡುಕುವುದು ಶುರುವಿನಲ್ಲಿ ಬರಲು ಸಾಧ್ಯವೇ ಇಲ್ಲದ ಚೀಟಿಗಳನ್ನು. "ಅದು" ಅಂತ ಇದ್ದರೆ ಅದಕ್ಕಿಂತ ಮೊದಲು ಒಂದು ಊರಿನ ಹೆಸರು ಬಂದಿರಲೇಬೇಕು. "ಹಾಗಾದರೆ" ಅಂತ ಇದ್ದರೆ ಅದರ ಹಿಂದೆ ಒಂದು ಅಡ್ಡಿ ಇರಬೇಕು. "ಅವಳು" ಅಂದರೆ ಯಾರು, ಆ ಹೆಸರಿನ ಚೀಟಿ ಎಲ್ಲಿದೆ ಅಂತ ಹುಡುಕುತ್ತಾರೆ. ಬೋರ್ಡಿನ 1 ಅಂಕದ ಜೋಡಣೆಗೂ ಇದೇ ಬೇಕಾದದ್ದು, ಅದನ್ನು ನಾನು ಬೇರೆಯಾಗಿ ಪಾಠ ಮಾಡಲೇ ಇಲ್ಲ.

ಅಜ್ಜಿಯ ಚೀಟಿಗಳು ಬೇಗ ಜೋಡಿಯಾದವು. ಪಂಢರಪುರದ್ದು ಒಂದು ಕಡೆ ಸಿಕ್ಕಿಕೊಂಡಿತು. "ಎಷ್ಟು ಹೊತ್ತಿಗೆ ಹೊರಡೋಣ?" ಅನ್ನೋದನ್ನು ಮ್ಯಾಚಿನ ಮಾತಿನ ಮುಂಚೆ ಇಟ್ಟರೂ ನಡೆಯುತ್ತಿತ್ತು, ಆಮೇಲೆ ಇಟ್ಟರೂ ನಡೆಯುತ್ತಿತ್ತು. ಬರೆದವನನ್ನು ಕರೆದು ತೋರಿಸಿದೆ. ಅವನು ಸ್ವಲ್ಪ ಹೊತ್ತು ಚೀಟಿ ನೋಡಿ, ಆ ಸಾಲಿನ ಶುರುವಿನಲ್ಲಿ "ಹಾಗಾದರೆ ಶನಿವಾರ" ಅಂತ ಸೇರಿಸಿದ. ಆಗ ಅದು ಮ್ಯಾಚಿನ ಕೆಳಗೆ ಬಂದು ಗಟ್ಟಿಯಾಗಿ ಕೂತಿತು.